ಹನ್ನೊಂದು ಗಂಟೆಯ ಹಸಿವು: ಆರನೇ ವಾರದ ಲಾಗ್

ತಿಂಡಿ ತಿಂದರೂ ಹನ್ನೊಂದಕ್ಕೇ ಹಸಿವಾಗುವುದರ ಕಾರಣ ಕೊನೆಗೂ ಸಿಕ್ಕಿತು. ತಪ್ಪು ಓಟ್ಸ್‌ನ ಅಳತೆಯಲ್ಲಿ ಇರಲಿಲ್ಲ, ನಾನು ಅದನ್ನು ಮಾಡಿಕೊಳ್ಳುತ್ತಿದ್ದ ರೀತಿಯಲ್ಲಿತ್ತು.

ತೂಕ ಇಳಿಸಲು ಖರ್ಚಿಗಿಂತ ಕಡಿಮೆ ಕ್ಯಾಲೊರಿ ತಿನ್ನುವ ಡೆಫಿಸಿಟ್, ತೂಕದ ಸರಾಸರಿ, ಕಿಚನ್ ಸ್ಕೇಲ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ನನ್ನನ್ನು ಕಾಡಿದ್ದು ಒಂದೇ: ಬೆಳಿಗ್ಗೆ ಎಂಟಕ್ಕೆ 40 ಗ್ರಾಂ ಓಟ್ಸ್ ತಿಂದರೆ ಒಂದೊಂದು ದಿನ ಮಧ್ಯಾಹ್ನದವರೆಗೂ ಹಸಿವಿನ ಸುಳಿವಿಲ್ಲ, ಇನ್ನೊಂದು ದಿನ ಹನ್ನೊಂದಕ್ಕೇ ಹೊಟ್ಟೆ ಚುರುಗುಟ್ಟುತ್ತದೆ. ಆ್ಯಪ್‌ನಲ್ಲಿ ನೋಡಿದರೆ ಎರಡೂ ದಿನ ಸುಮಾರು 150 ಕ್ಯಾಲೊರಿ, 4 ಗ್ರಾಂ ನಾರು. ಲೆಕ್ಕದಲ್ಲಿ ಅವಳಿ, ಹೊಟ್ಟೆಯಲ್ಲಿ ಬದ್ಧವೈರಿಗಳು.

ಮೊದಲು ಮಾಡಿದ ಮೂರ್ಖತನವನ್ನೂ ಬರೆದಿಡುತ್ತೇನೆ. ನಾರು ಸಾಲುತ್ತಿಲ್ಲ ಎಂದುಕೊಂಡು ದಿನಕ್ಕೆ 15 ಗ್ರಾಂ ಇದ್ದದ್ದನ್ನು ಎರಡೇ ದಿನದಲ್ಲಿ 40ಕ್ಕೆ ಏರಿಸಿದೆ. ಕಾಳು, ಎಲೆಕೋಸು, ಹೊಟ್ಟು ಸಮೇತ ಎಲ್ಲವನ್ನೂ. ಹೊಟ್ಟೆ ಡೋಲಿನಂತಾಯಿತು, ಜೊತೆಗೆ ಶಬ್ದವೂ ಬಂತು. ತೂಕ 1.2 ಕಿಲೋ ಹೆಚ್ಚು! ಅದು ಕೊಬ್ಬಲ್ಲ, ಕರುಳಿನಲ್ಲಿ ನೀರು ಹಿಡಿದುಕೊಂಡು ಕೂತ ಸರಕು ಎಂದು ಗೊತ್ತಿದ್ದರೂ ಮೂರು ದಿನ ಮುಖ ಬಾಡಿತ್ತು. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿದಾಗ ಗ್ಯಾಸ್ ಹುಟ್ಟುತ್ತದೆ. ಈಗ ವಾರಕ್ಕೆ 5 ಗ್ರಾಂನಂತೆ ಏರಿಸುತ್ತಿದ್ದೇನೆ, ಕಾಳು ನೆನೆಸಿದ ನೀರನ್ನು ಚೆಲ್ಲುತ್ತೇನೆ. ವಾದ್ಯಗೋಷ್ಠಿ ಬಹುಮಟ್ಟಿಗೆ ನಿಂತಿದೆ.

ಮತ್ತೆ ಓಟ್ಸ್‌ಗೆ ಬರೋಣ. ಅದರ ಕರಗುವ ನಾರು ಬೀಟಾ-ಗ್ಲೂಕನ್. ನೀರಿನಲ್ಲಿ ಬಿಚ್ಚಿಕೊಂಡು ಲೋಳೆಯಾಗುವುದೇ ಅದರ ಕಸುಬು. ಆ ಲೋಳೆ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಹಾಗಾಗಿ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುತ್ತದೆ. ಅಂದರೆ ಕೆಲಸ ಮಾಡುವುದು ಗ್ರಾಂ ಒಂದೇ ಅಲ್ಲ, ದಪ್ಪವೂ ಹೌದು. ನನ್ನ ಡೈರಿ ತಿರುಗಿಸಿ ನೋಡಿದೆ: ಹಸಿದ ದಿನಗಳೆಲ್ಲ ಮಗ್‌ನಲ್ಲಿ ಬಿಸಿನೀರು ಸುರಿದು ಎರಡೇ ನಿಮಿಷಕ್ಕೆ ಕುಡಿದ ಇನ್‌ಸ್ಟಂಟ್ ಪುಡಿಯವು. ಹಸಿಯದ ದಿನಗಳು ದಪ್ಪ ಅವಲಕ್ಕಿಯಂಥ ರೋಲ್ಡ್ ಓಟ್ಸ್ ಬೇಯಿಸಿಕೊಂಡವು.

ಪರೀಕ್ಷೆಗೆ ಎರಡು ಬಟ್ಟಲು ಇಟ್ಟೆ, ಎರಡಕ್ಕೂ 40 ಗ್ರಾಂ, 350 ಮಿಲಿ ನೀರು. ಪುಡಿಗೆ ಬಿಸಿನೀರು ಹಾಕಿ ಕಲಕಿದ್ದು ಚಮಚದಿಂದ ಮಜ್ಜಿಗೆಯಂತೆ ಸುರಿಯಿತು, ತಳದಲ್ಲಿ ಗಸಿ. ರೋಲ್ಡ್ ಓಟ್ಸನ್ನು ಸಣ್ಣ ಉರಿಯಲ್ಲಿ 9 ನಿಮಿಷ ಕಲಕುತ್ತ ಬೇಯಿಸಿದ್ದು ಚಮಚ ಎತ್ತಿದರೆ ಎಳೆ ಎಳೆಯಾಗಿ ಜೋತುಬಿತ್ತು. ಎಳೆ ಬಂದರೆ ಪಾಸ್, ಈಗ ನನ್ನ ಮಾನದಂಡ ಇಷ್ಟೇ. ಮುಂದಿನ ಹತ್ತು ದಿನ ಎಳೆ ಬಂದದ್ದನ್ನೇ ತಿಂದೆ, ಎಂಟು ದಿನ ಹನ್ನೊಂದು ಗಂಟೆ ಸದ್ದಿಲ್ಲದೆ ದಾಟಿತು. ಒಬ್ಬನೇ ಮನುಷ್ಯ, ಅದೂ ಏನು ತಿನ್ನುತ್ತಿದ್ದೇನೆಂದು ತಿಳಿದೇ ಮಾಡಿದ ಪ್ರಯೋಗ, ಗೊತ್ತು.

ಇಲ್ಲೊಂದು ಗೊಣಗಾಟ. ಆನ್‌ಲೈನ್‌ನಲ್ಲಿ ತರಿಸಿದ ‘ದಪ್ಪ ಓಟ್ಸ್’ ಮೂಟೆಯ ಅರ್ಧ ಹಿಟ್ಟಾಗಿ ಬಂತು. ದೂರು ಕೊಟ್ಟರೆ ‘ನೈಸರ್ಗಿಕ ವ್ಯತ್ಯಾಸ’ ಎಂಬ ಉತ್ತರ. ಜರಡಿ ಹಿಡಿದು ನಾನೇ ವಿಂಗಡಿಸಿದೆ.

ಉಳಿದ ಎರಡು ದಿನ ಸೋಲಿಸಿದ್ದು ಸೀಬೆಹಣ್ಣು, ಅಥವಾ ನನ್ನ ಮಿಕ್ಸಿ. 100 ಗ್ರಾಂ ಸೀಬೆಯಲ್ಲಿ ಸುಮಾರು 5 ಗ್ರಾಂ ನಾರು, 68 ಕ್ಯಾಲೊರಿ. ನಾರಿನ ಬಹುಪಾಲು ಕರಗದ ಬಗೆಯದು. ಅದು ಲೋಳೆಯಾಗುವುದಿಲ್ಲ, ಗಾತ್ರ ಕೊಡುತ್ತದೆ, ಅಗಿಯುವ ಕೆಲಸ ಕೊಡುತ್ತದೆ. ಬೀಜ ಹಲ್ಲಿಗೆ ಸಿಗುತ್ತದೆಂದು ರುಬ್ಬಿ ಸೋಸಿ ಕುಡಿದಿದ್ದೆ. ಸೋಸಣಿಗೆಯಲ್ಲಿ ಉಳಿದ ಆ ಗಟ್ಟಿ ಗಸಿಯನ್ನು ತೊಳೆಯುವಾಗ ಹೊಳೆಯಿತು, ನಾನು ತಿನ್ನಬೇಕಾದ್ದನ್ನೇ ಚರಂಡಿಗೆ ಬಿಡುತ್ತಿದ್ದೇನೆ. ಈಗ 150 ಗ್ರಾಂ ಹಣ್ಣನ್ನು ಹೋಳು ಮಾಡಿ ಓಟ್ಸ್ ಆದಮೇಲೆ ಹತ್ತು ನಿಮಿಷ ಅಗಿಯುತ್ತೇನೆ.

ಎರಡೂ ಸೇರಿ ಬೆಳಗಿನ ತಿಂಡಿ ಸುಮಾರು 250 ಕ್ಯಾಲೊರಿ, 12 ಗ್ರಾಂ ನಾರು. ಕೊರತೆ ಪ್ರೋಟೀನಿನದು, 9 ಗ್ರಾಂ ದಾಟುವುದಿಲ್ಲ. ಅದಕ್ಕೇ ಬೆಂದ ಕಡಲೆಕಾಳು 100 ಗ್ರಾಂ ಸೇರಿಸುವ ಯೋಚನೆಯಿದೆ. ಪ್ರೋಟೀನೂ ನಾರೂ ಒಟ್ಟಿಗೆ ಬರುತ್ತವೆ, ಆದರೆ 164 ಕ್ಯಾಲೊರಿಯೂ ಬರುತ್ತದೆ. ಬೇರೆಲ್ಲಿಂದಲೋ ಅಷ್ಟನ್ನು ಕಳೆಯದಿದ್ದರೆ ಹೊಟ್ಟೆ ತುಂಬೀತು, ಕೊಬ್ಬು ಮಾತ್ರ ಕರಗದು.

ಕಾಳು ಅಂದಕೂಡಲೇ ಮುಂದಿನ ಪ್ರಾಜೆಕ್ಟ್ ಹೆಗಲೇರಿದೆ. ವಾರಕ್ಕಾಗುವಷ್ಟು ರಾಜ್ಮಾ ಸ್ಲೋ ಕುಕ್ಕರ್‌ನಲ್ಲಿ ಬೇಯಿಸಿ ಫ್ರೀಜರ್‌ಗೆ ಹಾಕುವುದು. ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕುದಿಸದೆ ಆ ಪಾತ್ರೆಗೆ ಹಾಕಬೇಡಿ. ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಸಣ್ಣ ಬಿಸಿಗೆ ನಾಶವಾಗುವುದಿಲ್ಲ, ವಾಂತಿ-ಭೇದಿ ಹಿಡಿಸುತ್ತದೆ. ಅರ್ಧ ಕಿಲೋ ಈಗಾಗಲೇ ನೀರಿನಲ್ಲಿದೆ, ಫ್ರೀಜರ್‌ನಲ್ಲಿ ಜಾಗವಿದೆಯೇ ಎಂದು ಇನ್ನೂ ನೋಡಿಲ್ಲ.