ಸಿಂಕಿನ ಗೊಳಗೊಳ: ಕಟ್ಟಿರುವುದು ಟ್ರಾಪೋ, ಗಾಳಿಯ ದಾರಿಯೋ

ನವೆಂಬರ್ 8, 2025, ಶನಿವಾರ

ಅಡುಗೆಮನೆಯ ಸಿಂಕಿನಲ್ಲಿ ಕೆಲವು ದಿನಗಳಿಂದ ನೀರು ನಿಧಾನಕ್ಕೆ ಇಳಿಯುತ್ತಿದೆ, ಇಳಿಯುವಾಗ ಗೊಳ್ ಗೊಳ್ ಸದ್ದು ಬೇರೆ. ಪ್ಲಂಬರಿಗೆ ಫೋನ್ ಮಾಡಿದರೆ, "ಟ್ರಾಪ್ ಕಟ್ಟಿರುತ್ತೆ ಮೇಡಂ, ಬಿಚ್ಚಿ ತೊಳೀರಿ" ಎಂದರು. ಬಹಳಷ್ಟು ಸಲ ಆ ಮಾತೇ ನಿಜ. ಆದರೆ ನನಗೆ ಅನುಮಾನ ಹುಟ್ಟಿಸಿದ್ದು ಸದ್ದು ಬರುವ ಹೊತ್ತು. ಸಿಂಕಿನ ನಲ್ಲಿ ಮುಚ್ಚಿದ್ದಾಗಲೂ, ಮಹಡಿಯಲ್ಲಿ ವಾಷಿಂಗ್ ಮಷಿನ್ ನೀರು ಹೊರಗೆ ಬಿಡುವಾಗ ಕೆಳಗೆ ಅಡುಗೆಮನೆಯಲ್ಲಿ ಅದೇ ಗೊಳಗೊಳ. ಟ್ರಾಪಿನೊಳಗೆ ಜಿಡ್ಡು ಕಟ್ಟಿದ್ದರೆ ಸಿಂಕಿನ ನೀರು ನಿಲ್ಲಬಹುದು ಸರಿ, ಮಹಡಿಯ ಮಷಿನ್ನಿಗೂ ಅದಕ್ಕೂ ಏನು ಸಂಬಂಧ? ಇವತ್ತು ರಜೆ ಇತ್ತು, ತಮ್ಮನೂ ಮನೆಯಲ್ಲಿದ್ದ. ಇದನ್ನು ಕೊನೆಯವರೆಗೂ ನೋಡಿಯೇ ಬಿಡೋಣ ಅಂತ ಕೂತೆವು.

ಮೊದಲು ಒಳಗೆ ಏನು ನಡೆಯುತ್ತದೆ ಎಂದು ಬರೆದಿಡುತ್ತೇನೆ. ಸಿಂಕಿನ ಕೆಳಗೆ ಬಾಗಿದ ಪೈಪು ಇದೆಯಲ್ಲ, ಅದೇ ಟ್ರಾಪ್. ಅದರ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಚರಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಈ ನೀರಿನ ತಡೆ ಸಾಮಾನ್ಯವಾಗಿ 5ರಿಂದ 7.5 ಸೆಂಟಿಮೀಟರ್ ಆಳ ಇರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಅಂದರೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಏರುಪೇರಾದರೆ ಸಾಕು, ಟ್ರಾಪಿನ ನೀರು ಅತ್ತಲೋ ಇತ್ತಲೋ ಜಗ್ಗಿಹೋಗುತ್ತದೆ. ಪೈಪಿನಲ್ಲಿ ನೀರು ರಭಸವಾಗಿ ಇಳಿಯುವಾಗ ಮುಂದಿರುವ ಗಾಳಿಯನ್ನು ದೂಡುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ಆ ಏರುಪೇರು ಟ್ರಾಪಿನವರೆಗೆ ಬಾರದಿರಲಿ ಎಂದೇ ವೆಂಟ್ ಪೈಪು ಇಟ್ಟಿರುತ್ತಾರೆ. ಅದರ ಬಾಯಿ ಮಹಡಿಯ ಮೇಲೆ ಬಯಲಿಗೆ ತೆರೆದಿರುತ್ತದೆ. ಆ ಬಾಯಿ ಮುಚ್ಚಿಹೋದರೆ ಪೈಪು ತನಗೆ ಬೇಕಾದ ಗಾಳಿಯನ್ನು ಸಿಂಕಿನ ಟ್ರಾಪಿನ ಮೂಲಕವೇ ಎಳೆದುಕೊಳ್ಳುತ್ತದೆ, ಬೇಡವಾದದ್ದನ್ನು ಅಲ್ಲಿಂದಲೇ ಹೊರಗೆ ತಳ್ಳುತ್ತದೆ. ಗೊಳಗೊಳ ಎಂದರೆ ನೀರನ್ನು ಸೀಳಿಕೊಂಡು ಹೋಗುವ ಗಾಳಿಯ ಸದ್ದು. ತುಂಬಿದ ಬಾಟಲಿಯನ್ನು ಬೋರಲು ಹಾಕಿದಾಗ ನೀರು ತಡೆತಡೆದು ಬೀಳುವುದೂ ಇದೇ ಕಾರಣಕ್ಕೆ: ನೀರು ಹೊರಬರಬೇಕಾದ ಬಾಯಲ್ಲೇ ಗಾಳಿಯೂ ಒಳಹೋಗಬೇಕು.

ಬೆಳಿಗ್ಗೆ ಮೊದಲು ಮಾಡಿದ್ದು ತುಂಬಿಸಿ ಬಿಡುವ ಪರೀಕ್ಷೆ. ಸಿಂಕಿನ ಬಾಯಿ ಮುಚ್ಚಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ನೀರು ತುಂಬಿಸಿ, ಮುಚ್ಚಳ ತೆಗೆದು ಸುಮ್ಮನೆ ನೋಡುತ್ತ ನಿಂತೆವು. ಬರೀ ನಲ್ಲಿ ಬಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ, ಅಷ್ಟು ನೀರಿಗೆ ಪೈಪು ತುಂಬುವುದೇ ಇಲ್ಲ. ಟ್ರಾಪ್ ಕಟ್ಟಿದ್ದರೆ ನೀರು ಮೊದಲ ಕ್ಷಣದಿಂದಲೇ ನಿಧಾನ, ಕೊನೆಯವರೆಗೂ ಒಂದೇ ಸಮ ನಿಧಾನ. ಸುಳಿ ಏಳುವುದಿಲ್ಲ, ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತುಬಿಡುತ್ತವೆ. ನಮ್ಮದು ಹಾಗಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ನೀರು ಚೆನ್ನಾಗಿಯೇ ಇಳಿಯಿತು, ಸಣ್ಣ ಸುಳಿಯೂ ಎದ್ದಿತು. ಸ್ವಲ್ಪ ಹೊತ್ತಿಗೆ ಥಟ್ಟನೆ ತಡೆಯಿತು, ತೂತಿನಿಂದ ದೊಡ್ಡದೊಂದು ಗುಳ್ಳೆ ಮೇಲೆ ಬಂತು, ಮತ್ತೆ ಇಳಿಯಿತು, ಮತ್ತೆ ತಡೆಯಿತು. ಹೀಗೆ ಉಸಿರು ಕಟ್ಟಿದಂತೆ ಇಳಿದು, ಕೊನೆಯಲ್ಲಿ ಜೋರಾಗಿ ಗೊಳಗುಟ್ಟಿತು. ಕಟ್ಟಕಡೆಯಲ್ಲಿ ಒಂದು ಸಣ್ಣ ಸುರ್ ಎನ್ನುವ ಸದ್ದು ಎಲ್ಲ ಸಿಂಕಿನಲ್ಲೂ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದ್ದು ನಡುನಡುವೆ ಬರುವ ತಡೆಯನ್ನು.

ಇಷ್ಟಕ್ಕೇ ವೆಂಟ್ ಕೆಟ್ಟಿದೆ ಎಂದು ತೀರ್ಮಾನಿಸಿ ಮಹಡಿ ಹತ್ತುವ ಹಾಗಿಲ್ಲ. ಇದೇ ವೇಷ ಹಾಕಿಕೊಂಡು ಬರುವ ಮೂರನೆಯದೊಂದಿದೆ. ಟ್ರಾಪಿನ ಆಚೆ, ಗೋಡೆಯೊಳಗಿನ ಅಡ್ಡ ಪೈಪಿನಲ್ಲಿ ಜಿಡ್ಡು ಕೂತು ಅರ್ಧ ಮುಚ್ಚಿದ್ದರೂ ನೀರು ಮೊದಲು ಸಲೀಸಾಗಿ ಹೋಗಿ, ಅಡ್ಡ ಪೈಪು ತುಂಬಿದ ಮೇಲೆ ತಡೆಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗಿ ವಾಪಸು ಬರುತ್ತದೆ. ಎರಡು ತೊಟ್ಟಿಯ ಸಿಂಕಾದರೆ ಇದನ್ನು ಹಿಡಿಯುವುದು ಸುಲಭ: ಒಂದರಲ್ಲಿ ಬಿಟ್ಟ ನೀರು ಇನ್ನೊಂದರಲ್ಲಿ ಮೇಲೆದ್ದರೆ, ಎರಡೂ ಸೇರುವ ಜಾಗದಿಂದ ಮುಂದೆ ಎಲ್ಲೋ ಕಟ್ಟಿದೆ ಎಂದೇ ಅರ್ಥ. ನಮ್ಮದು ಒಂದೇ ತೊಟ್ಟಿ. ಹಾಗಾಗಿ ಟ್ರಾಪ್ ಬಿಚ್ಚಲೇಬೇಕಾಯಿತು.

ಬಿಚ್ಚುವ ಮುಂಚೆ ಒಂದು ಅಳತೆ ತೆಗೆದುಕೊಂಡೆ. ಸಿಂಕಿನ ಜಾಲರಿ ತೆಗೆದು, ತೆಳುವಾದ ಬಿದಿರುಕಡ್ಡಿಯೊಂದನ್ನು ಟ್ರಾಪಿನ ತಳ ಮುಟ್ಟುವವರೆಗೆ ನೇರ ಇಳಿಸಿದೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ನಿಲ್ಲಿಸಿದ ಮೇಲೆ ಕಡ್ಡಿ 11 ಸೆಂಟಿಮೀಟರ್ ಒದ್ದೆಯಾಗಿತ್ತು. ಪೈಪಿನ ಒಳಗಲ 4 ಸೆಂಟಿಮೀಟರ್, ಅದನ್ನು ಕಳೆದರೆ ತಡೆಯ ಆಳ 7. ಇದು ತುಂಬಿದ ಟ್ರಾಪ್. ಆಮೇಲೆ ಮಹಡಿಯ ಮಷಿನ್ ನೀರು ಖಾಲಿ ಮಾಡಿಸಿ ಮತ್ತೆ ಕಡ್ಡಿ ಇಳಿಸಿದೆ. ಒದ್ದೆ ಗುರುತು 7 ಸೆಂಟಿಮೀಟರಿಗೆ ಇಳಿದಿತ್ತು, ಅಂದರೆ ತಡೆ ಉಳಿದದ್ದು 3 ಮಾತ್ರ. ಯಾರೂ ಮುಟ್ಟದ ಟ್ರಾಪಿನಿಂದ ನೀರು ಮಾಯವಾಗಿದೆ ಎಂದರೆ ಅದನ್ನು ಪೈಪು ಎಳೆದುಕೊಂಡಿದೆ. ಬೆಳಗಿನ ಹೊತ್ತು ಸಿಂಕಿನ ಬಳಿ ಬರುತ್ತಿದ್ದ ಕೊಳೆತ ವಾಸನೆಗೂ ಇಲ್ಲೇ ಉತ್ತರ ಸಿಕ್ಕಿತು. ಸಿಂಕನ್ನೇ ಬಳಸಿದಾಗ ತೊಟ್ಟಿಯಲ್ಲಿ ಅಲ್ಲಲ್ಲಿ ನಿಂತಿದ್ದ ನೀರು ಕೊನೆಗೆ ಹನಿಹನಿಯಾಗಿ ಇಳಿದು ಟ್ರಾಪನ್ನು ಮತ್ತೆ ತುಂಬುತ್ತದೆ. ರಾತ್ರಿ ಮಷಿನ್ ಎಳೆದದ್ದನ್ನು ತುಂಬಲು ಬೆಳಿಗ್ಗೆ ಯಾರಾದರೂ ನಲ್ಲಿ ತಿರುಗಿಸುವವರೆಗೆ ಹನಿ ನೀರೂ ಬರುವುದಿಲ್ಲ. ಬರೀ ಟ್ರಾಪ್ ಕಟ್ಟಿದ ಸಿಂಕಿನಲ್ಲಿ ಈ ಚರಂಡಿ ಗಾಳಿ ಬರುವುದಿಲ್ಲ, ಏಕೆಂದರೆ ಅಲ್ಲಿ ನೀರು ಬೇಕಾದ್ದಕ್ಕಿಂತ ಹೆಚ್ಚೇ ನಿಂತಿರುತ್ತದೆ.

ಕೆಳಗೆ ಬಕೆಟ್ ಇಟ್ಟು ಟ್ರಾಪಿನ ಎರಡೂ ನಟ್ಟು ಕೈಯಿಂದಲೇ ಸಡಿಲಿಸಿದೆವು. ಪೈಪಿಗೆ ಕ್ಷಾರದ ಪುಡಿಯನ್ನೋ ದ್ರಾವಣವನ್ನೋ ಮೊದಲೇ ಸುರಿದಿದ್ದವರು ಹೀಗೆ ಬಿಚ್ಚಬಾರದು. ಬಾಗಿನಲ್ಲಿ ನಿಂತಿರುವುದು ಆಗ ಚರ್ಮ, ಕಣ್ಣು ಸುಡುವ ನೀರು. ನಾವು ಏನೂ ಸುರಿದಿರಲಿಲ್ಲ. ಟ್ರಾಪಿನ ಒಳಗೋಡೆಗೆ ತೆಳುವಾಗಿ ಜಿಡ್ಡು ಅಂಟಿತ್ತು, ಆದರೆ ಬೆಳಕಿಗೆ ಹಿಡಿದರೆ ದಾರಿ ಪೂರ್ತಿ ತೆರೆದೇ ಇತ್ತು. ಬಿಸಿನೀರು, ಸೋಪು, ಬ್ರಷ್ಷು ಹಾಕಿ ತೊಳೆದೆ. ಮತ್ತೆ ಜೋಡಿಸುವ ಮುಂಚೆ ಇಡೀ ದಿನದ ಮುಖ್ಯ ಪರೀಕ್ಷೆ ಮಾಡಿದೆವು. ಗೋಡೆಯಿಂದ ಹೊರಗೆ ಚಾಚಿದ ಪೈಪಿನ ತುಂಡಿಗೆ ಒಂದು ಎಲ್ಬೋವನ್ನು ಬಾಯಿ ಮೇಲಾಗುವಂತೆ ಸಿಕ್ಕಿಸಿ, ತಮ್ಮ ಜಗ್ಗಿನಿಂದ ಒಂದೇ ಸಮನೆ ನೀರು ಹುಯ್ದ. ಧಾರೆ ದಪ್ಪಗಿರಬೇಕು, ಆದರೆ ಎಲ್ಬೋದ ಬಾಯಿ ಪೂರ್ತಿ ಮುಚ್ಚಬಾರದು, ಪಕ್ಕದಲ್ಲಿ ಗಾಳಿಗೆ ಜಾಗ ಬಿಡಬೇಕು. ಒಂದು ಬಕೆಟ್ ನೀರು ಹುಯ್ದರೂ ಒಂದು ಹನಿ ವಾಪಸು ಬರಲಿಲ್ಲ, ಗೊಳಗೊಳ ಇಲ್ಲ, ಬರೀ ದೂರದಲ್ಲಿ ನೀರು ಓಡುವ ಸದ್ದು.

ಈ ಪರೀಕ್ಷೆಯನ್ನು ನಾನು ಇಷ್ಟು ನಂಬುವುದಕ್ಕೆ ಕಾರಣವಿದೆ. ಟ್ರಾಪ್ ತೆಗೆದಾಗ ಗೋಡೆಯ ಪೈಪಿನ ಬಾಯಿಯೇ ವೆಂಟಿನ ಕೆಲಸ ಮಾಡುತ್ತದೆ. ಆಗಲೂ ನೀರು ಎಲ್ಬೋದಲ್ಲಿ ಮೇಲೆದ್ದು ಬಂದರೆ ಗಾಳಿಯ ಮಾತೇ ಇಲ್ಲ, ಮುಂದಿನ ಪೈಪು ಕಟ್ಟಿದೆ, ಸ್ಪ್ರಿಂಗ್ ಹಾಕಿ ಬಿಡಿಸಬೇಕು. ಸಲೀಸಾಗಿ ಹೋದರೆ ಪೈಪು ಸರಿಯಿದೆ. ತೊಳೆದ ಟ್ರಾಪನ್ನು ಮತ್ತೆ ಕೂಡಿಸಿದಾಗ ಸಿಂಕು ಸುಮ್ಮನಾದರೆ ಟ್ರಾಪಿನಲ್ಲೇ ತೊಂದರೆ ಇತ್ತು. ಕೂಡಿಸಿದ ಮೇಲೂ ತಡೆತಡೆದು ಇಳಿದರೆ ಉಳಿಯುವುದು ಗಾಳಿಯ ದಾರಿ ಒಂದೇ. ವಾಷರ್ ಸರಿಯಾಗಿ ಕೂಡಿಸಿ, ನಟ್ಟು ಬಿಗಿದು, ಮತ್ತೆ ಅಷ್ಟೇ ನೀರು ತುಂಬಿಸಿ ಬಿಟ್ಟೆವು. ಅದೇ ತಡೆ, ಅದೇ ಗುಳ್ಳೆ.

ಸಿಂಕಿನ ಪೈಪು ಯಾವ ವೆಂಟಿಗೂ ಸೇರದೆ ನೇರ ಹೊರಗಿನ ಚೇಂಬರಿಗೆ ಬೀಳುವ ಮನೆಗಳೂ ಇವೆ. ಅಲ್ಲಿ ಮಹಡಿ ಹತ್ತಿ ಉಪಯೋಗವಿಲ್ಲ, ಪೈಪಿನ ಹೊರತುದಿ ಚೇಂಬರಿನ ನೀರಿನಲ್ಲಿ ಮುಳುಗಿದೆಯೇ ನೋಡಬೇಕು. ಮುಳುಗಿದ್ದರೆ ಗಾಳಿ ಹೊರಹೋಗಲಾರದೆ ಇದೇ ತರಹ ಗೊಳಗುಡುತ್ತದೆ. ಕೆಲವು ಕಡೆ ಸಿಂಕಿನ ಕೆಳಗೇ ಗಾಳಿಯನ್ನು ಒಳಗೆ ಮಾತ್ರ ಬಿಡುವ ಚಿಕ್ಕ ವಾಲ್ವ್ ಇರುತ್ತದೆ, ಅದರ ರಬ್ಬರು ಅಂಟಿಕೊಂಡಿದ್ದರೆ ಬೇರೆ ಹಾಕಿದರಾಯಿತು. ನಮ್ಮಲ್ಲಿ ಸಿಂಕೂ ಮಷಿನ್ನೂ ಒಂದೇ ಉದ್ದ ಪೈಪಿಗೆ ಸೇರುತ್ತವೆ. ಅದರ ಕೆಳತುದಿಯಲ್ಲಿ ನೀರು ನಿಂತ ಟ್ರಾಪ್ ಇದೆ. ಹಾಗಾಗಿ ಗಾಳಿಗೆ ಮೇಲಿನ ಬಾಯೊಂದೇ ದಾರಿ.

ಆ ಬಾಯಿ ಮಹಡಿಯ ನಡುಭಾಗದಲ್ಲಿ, ಅಂಚಿನಿಂದ ದೂರ ಇರುವುದರಿಂದ ನಾನೇ ಹೋದೆ. ಇಳಿಜಾರು ಛಾವಣಿಯಾಗಿದ್ದರೆ ಕೆಲಸ ಗೊತ್ತಿದ್ದವರನ್ನೇ ಕರೆಯುತ್ತಿದ್ದೆ. ಪೈಪಿನ ತಲೆಯ ಮೇಲಿನ ಟೋಪಿಗೆ ಸೊಳ್ಳೆ ನುಗ್ಗದಿರಲಿ ಎಂದು ಯಾರೋ ತೀರ ಸಣ್ಣ ಕಣ್ಣಿನ ಬಲೆ ಕಟ್ಟಿದ್ದರು. ಅದರ ಮೇಲೆ ಜೇಡರ ಬಲೆ, ಧೂಳು, ಒಣಗಿದ ಹೂವಿನ ಎಸಳುಗಳೆಲ್ಲ ಒದ್ದೆಯಾಗಿ, ಒಣಗಿ, ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ತೆಳು ಕಾಗದದ ಪಟ್ಟಿಯೊಂದನ್ನು ಬಲೆಯ ಹತ್ತಿರ ಹಿಡಿದು, "ಈಗ ಬಿಡು" ಎಂದೆ. "ಬಿಟ್ಟೆ ಅಕ್ಕಾ" ಎಂದು ಕೆಳಗಿನಿಂದ ಕೂಗಿದ. ಕಾಗದ ಅಲುಗಲಿಲ್ಲ. ಬಲೆ ಬಿಚ್ಚಿ, ಕಸ ಪೈಪಿನೊಳಗೆ ಬೀಳದಂತೆ ಕೈಯಲ್ಲೇ ಎತ್ತಿ ತೆಗೆದೆ. ಪೈಪಿನ ಮೇಲೆ ಮುಖ ಬಾಗಿಸಲಿಲ್ಲ, ಅಲ್ಲಿಂದ ಬರುವುದು ಚರಂಡಿಯ ಗಾಳಿ. ಮತ್ತೆ ನೀರು ಬಿಡಿಸಿದಾಗ ಕಾಗದದ ತುದಿ ಸರ್ರನೆ ಪೈಪಿನ ಬಾಯೊಳಗೆ ಬಾಗಿತು.

ಕೆಳಗೆ ಬಂದು ನೋಡಿದರೆ ಸಿಂಕಿನ ನೀರು ಒಂದೇ ಸುಳಿಯಲ್ಲಿ ನಿಲ್ಲದೆ ಇಳಿಯಿತು. ಮಷಿನ್ ಮತ್ತೆ ಓಡಿಸಿ ಕಡ್ಡಿ ಇಳಿಸಿದೆ: ಒದ್ದೆ ಗುರುತು 10.5 ಸೆಂಟಿಮೀಟರ್. ಅರ್ಧ ಸೆಂಟಿಮೀಟರ್ ಹೋದದ್ದು ಲೆಕ್ಕಕ್ಕಿಲ್ಲ. ಹಳೆಯ ಬಲೆ ಎಸೆದಾಯಿತು. ಹಕ್ಕಿ, ಎಲೆ ಒಳಗೆ ಹೋಗದಂತೆ ದೊಡ್ಡ ಕಣ್ಣಿನ ಜಾಲರಿಯ ಟೋಪಿಯನ್ನು ನಾಳೆ ತಮ್ಮ ಹಾಕುತ್ತಾನೆ.