ಒಂದೇ ಕೊಟ್ಟಿಗೆಯ ತಾಯಿ, ಮಗಳು ಮತ್ತು ಎಚ್‌ಎಫ್ ರಕ್ತದ ಲೆಕ್ಕ

ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಬೆದೆಗೆ ಬಂದ ಹಸುವಿನ ಲೋಳೆ ನೋಡಿ, ದ್ರವ ಸಾರಜನಕದ ಜಾಡಿಯಿಂದ ವೀರ್ಯದ ಕಡ್ಡಿ ತೆಗೆದು, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ ಗರ್ಭಕೋಶಕ್ಕೆ ಬಿಡುವುದರಲ್ಲಿ ಕೈ ಪಳಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಆದರೆ ಯಾವ ಹಸುವಿಗೆ ಯಾವ ಹೋರಿಯ ಕಡ್ಡಿ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಒಂದು ಮನೆಯ ಕೊಟ್ಟಿಗೆಯಲ್ಲಿ ಪೆಟ್ಟು ತಿಂದ ಮೇಲೆಯೇ.

ಆ ಮನೆಯ ನಾಟಿ ಹಸು ದಿನಕ್ಕೆ ಮೂರು ಲೀಟರ್ ಹಾಲು ಕೊಡುತ್ತಿತ್ತು. ಅದಕ್ಕೆ ಹೆಚ್ಚು ಹಾಲು ಕೊಡುವ ವಿದೇಶಿ ತಳಿಯಾದ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್‌ನ ಶುದ್ಧ ಹೋರಿಯ ಕಡ್ಡಿ ಹಾಕಿದಾಗ ಹುಟ್ಟಿದ ಹೆಣ್ಣುಕರು ಬೆಳೆದು ದಿನಕ್ಕೆ ಒಂಬತ್ತು ಲೀಟರ್ ಕೊಟ್ಟಿತು, ಬೇಸಿಗೆಯಲ್ಲೂ ಹೆಚ್ಚು ಬಳಲಲಿಲ್ಲ, ವರ್ಷಕ್ಕೊಮ್ಮೆ ಎಂಬಂತೆ ಗಬ್ಬ ಕಟ್ಟಿತು. ಅದರಲ್ಲಿ ಇದ್ದದ್ದು ಅರ್ಧ ವಿದೇಶಿ ರಕ್ತ. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ ಹಾಲು ಇನ್ನಷ್ಟು ಹೆಚ್ಚುತ್ತದೆಂದು ಮನೆಯವರೂ ನಾನೂ ನಂಬಿ ಅದಕ್ಕೂ ಎಚ್‌ಎಫ್ ಕಡ್ಡಿಯನ್ನೇ ಹಾಕಿದೆವು. ಅದಕ್ಕೆ ಹುಟ್ಟಿದ ಮಗಳಲ್ಲಿ ವಿದೇಶಿ ಅಂಶ 75 ಶೇಕಡಾ ಆಯಿತು. ಚಳಿಗಾಲದಲ್ಲಿ ಅದು ಹದಿಮೂರು ಲೀಟರ್ ಕರೆಯಿತು. ಬೇಸಿಗೆ ಬಂದೊಡನೆ ಎಂಟಕ್ಕೆ ಇಳಿಯಿತು, ಬೆದೆ ಸರಿಯಾಗಿ ಕಾಣಿಸದಾಯಿತು, ನಾಲ್ಕು ಬಾರಿ ಕಡ್ಡಿ ಹಾಕಿದರೂ ಗಬ್ಬ ನಿಲ್ಲಲಿಲ್ಲ.

ಮೊದಲು ನಾನು ಕಡ್ಡಿಯ ಗುಣಮಟ್ಟವನ್ನು, ಆಮೇಲೆ ನನ್ನ ಸಮಯಪಾಲನೆಯನ್ನು ಶಂಕಿಸಿದೆ. ಕೊನೆಗೆ ಒಂದು ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಒಂದೇ ನೆರಳಿನಲ್ಲಿ ಕಟ್ಟಿದ್ದ ತಾಯಿ–ಮಗಳ ಪಕ್ಕೆಯ ಏರಿಳಿತವನ್ನು ತಲಾ ಒಂದು ಪೂರ್ಣ ನಿಮಿಷ ಎಣಿಸಿದೆ. ತಾಯಿಯ ಉಸಿರು ನಿಮಿಷಕ್ಕೆ 48, ಮಗಳದು 86. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ತಾಯಿಗೆ 39 ಡಿಗ್ರಿ ಸೆಲ್ಸಿಯಸ್, ಮಗಳಿಗೆ 40.1. ತಾಯಿ ಮಲಗಿ ಮೆಲುಕು ಹಾಕುತ್ತಿತ್ತು; ಮಗಳು ನಿಂತೇ ಇದ್ದು, ಬಾಯಿ ತುಸು ತೆರೆದು ಜೊಲ್ಲು ಸುರಿಸುತ್ತಿತ್ತು. ಮರುದಿನ ಬೆಳಗಿನ ಜಾವ ಎಣಿಸಿದಾಗ ಎರಡರ ಅಂಕಿಗಳೂ ಹತ್ತಿರಕ್ಕೆ ಬಂದಿದ್ದವು. ಆದ್ದರಿಂದ ಇದು ಜ್ವರವಲ್ಲ, ಹಗಲಿನ ಶಾಖವನ್ನು ಹೊರಹಾಕಲಾರದ ಸಂಕಟ ಎಂಬುದು ಖಚಿತವಾಯಿತು.

ನಾಟಿ ತಳಿಗಳ ಸಡಿಲ ಚರ್ಮ, ದೊಡ್ಡ ಬೆವರು ಗ್ರಂಥಿಗಳು, ನುಣುಪಾದ ಗಿಡ್ಡ ಕೂದಲು ಶಾಖವನ್ನು ಹೊರಬಿಡಲು ನೆರವಾಗುತ್ತವೆ, ಒಳಗೆ ಹುಟ್ಟುವ ಶಾಖವೂ ಅವುಗಳಲ್ಲಿ ಕಡಿಮೆ. ವಿದೇಶಿ ಅಂಶ ಹೆಚ್ಚಿದಂತೆ ಈ ಗುಣಗಳು ತೆಳುವಾಗುತ್ತವೆ, ಜೊತೆಗೆ ಹೆಚ್ಚು ತಿಂದು ಹೆಚ್ಚು ಕರೆಯುವ ದೇಹವೇ ಹೆಚ್ಚು ಶಾಖ ಉತ್ಪಾದಿಸುತ್ತದೆ. ಹಾಗಾಗಿ ಚಳಿಗಾಲದ ಹದಿಮೂರು ಲೀಟರಿಗೂ ಬೇಸಿಗೆಯ ಏದುಸಿರಿಗೂ ಬೇರು ಒಂದೇ. ಮೈ ಕಾದಾಗ ಗರ್ಭ ಕಟ್ಟಿದ ಮೊದಲ ಕೆಲವು ದಿನಗಳ ಭ್ರೂಣವೇ ಸಾಯುವುದರಿಂದ, ನಾವು 'ಗಬ್ಬ ನಿಲ್ಲಲಿಲ್ಲ' ಎನ್ನುವ ಎಷ್ಟೋ ಸಂದರ್ಭಗಳಲ್ಲಿ ಗಬ್ಬ ಮೊದಲು ನಿಂತು, ಆಮೇಲೆ ಕಳೆದುಹೋಗಿರುತ್ತದೆ.

ಇದರ ಜೊತೆಗೆ ನಾನು ಮರೆತದ್ದು ಇನ್ನೊಂದು ಲೆಕ್ಕ. ದೂರದ ಎರಡು ತಳಿ ಕೂಡಿದಾಗ ಸಿಗುವ ಮಿಶ್ರತಳಿಯ ಹುರುಪು ಮೊದಲ ತಲೆಮಾರಿನಲ್ಲಿ ಮಾತ್ರ ಪೂರ್ತಿ ಇರುತ್ತದೆ. ಅದನ್ನು ಮತ್ತೆ ಶುದ್ಧ ಎಚ್‌ಎಫ್‌ಗೆ ಕೂಡಿಸಿದರೆ ಆ ಹುರುಪು ಅರ್ಧಕ್ಕೆ ಇಳಿಯುತ್ತದೆ. ತಾಯಿಯ ಗಟ್ಟಿತನವನ್ನು ಕಂಡು ಮಗಳಲ್ಲೂ ಅದನ್ನೇ ನಿರೀಕ್ಷಿಸಿದ್ದು ನನ್ನ ತಪ್ಪು.

ಮನೆಯವರು ಐದನೆಯ ಬಾರಿಗೂ ಎಚ್‌ಎಫ್ ಕಡ್ಡಿಯನ್ನೇ ಕೇಳಿದರು. ಹಾಗೆ ಮಾಡಿದ್ದರೆ ಕರುವಿನಲ್ಲಿ ವಿದೇಶಿ ಅಂಶ 87.5 ಶೇಕಡಾ ಆಗುತ್ತಿತ್ತು. ಅದರ ಬದಲು ಅರ್ಧ ಎಚ್‌ಎಫ್ ರಕ್ತದ, ಹಾಲಿನ ದಾಖಲೆ ಇರುವ ಮಿಶ್ರತಳಿ ಹೋರಿಯ ಕಡ್ಡಿ ಹಾಕೋಣ, ಆಗ 62.5ಕ್ಕೆ ನಿಲ್ಲುತ್ತದೆ ಎಂದು ಅವರಿಗೆ ವಿವರಿಸಿದೆ. ಇದು ಸರಾಸರಿ ಲೆಕ್ಕ. ಮಿಶ್ರತಳಿಯ ತಂದೆ–ತಾಯಿಯ ಕರುಗಳು ಒಂದರಂತೆ ಒಂದು ಇರುವುದಿಲ್ಲ, ಒಂದು ತಾಳಿಕೊಂಡರೆ ಇನ್ನೊಂದು ಏದುಸಿರು ಬಿಡಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಕಡ್ಡಿಗೂ ಮೊದಲು ಕೊಟ್ಟಿಗೆಯನ್ನು ಸರಿಪಡಿಸಿದೆವು. ತಗಡಿನ ಮೇಲೆ ಹುಲ್ಲು ಹೊದಿಸಿ, ಕುಡಿಯುವ ನೀರು ಸದಾ ಇರುವಂತೆ ಮಾಡಿ, ಹೆಚ್ಚಿನ ಮೇವನ್ನು ರಾತ್ರಿಗೆ ಬದಲಾಯಿಸಿದರು. ಮಧ್ಯಾಹ್ನ ಮೈಗೆ ನೀರು ಹಾಕಿ ಗಾಳಿ ಆಡುವ ಕಡೆ ಕಟ್ಟಿದರು. ಗಾಳಿಯಿಲ್ಲದೆ ಬರೀ ನೀರು ಹಾಕಿದರೆ ಕೊಟ್ಟಿಗೆಯಲ್ಲಿ ತೇವ ಹೆಚ್ಚಿ ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಒಂದು ವಾರದಲ್ಲಿ ಮಧ್ಯಾಹ್ನದ ಉಸಿರು 86ರಿಂದ 64ಕ್ಕೆ ಇಳಿಯಿತು. ಮಳೆ ಬಿದ್ದು ತಂಪಾದ ಮೇಲೆ ಹಾಕಿದ ಕಡ್ಡಿಗೆ ಗಬ್ಬ ನಿಂತು, ಹೆಣ್ಣುಕರು ಹುಟ್ಟಿತು.

ಈಗ ನನ್ನ ದಾಖಲೆ ಪುಸ್ತಕದಲ್ಲಿ ಹೋರಿಯ ಸಂಖ್ಯೆಯ ಪಕ್ಕದಲ್ಲಿ ಎರಡು ಅಂಕಣಗಳು ಹೆಚ್ಚಾಗಿವೆ. ಒಂದರಲ್ಲಿ ಹುಟ್ಟಲಿರುವ ಕರುವಿನ ವಿದೇಶಿ ರಕ್ತದ ಶೇಕಡಾ, ಇನ್ನೊಂದರಲ್ಲಿ ಬೇಸಿಗೆಯಾಗಿದ್ದರೆ ತಾಯಿಯ ಮಧ್ಯಾಹ್ನದ ಉಸಿರಿನ ಎಣಿಕೆ. ಆ ಹೆಣ್ಣುಕರುವಿನ ಸಾಲಿನಲ್ಲಿ 62.5 ಎಂದು ಬರೆದಿದ್ದೇನೆ. ಅದು ಕಡಸಾಗಿ ಮೊದಲ ಬೆದೆಗೆ ಬರುವ ಬೇಸಿಗೆಯಲ್ಲಿ ಅದರ ಉಸಿರನ್ನೂ ಎಣಿಸಿದ ಮೇಲೆಯೇ ಮುಂದಿನ ಕಡ್ಡಿಯನ್ನು ಆರಿಸುವುದೆಂದು ಮನೆಯವರಿಗೆ ಹೇಳಿದ್ದೇನೆ.