ಅಜ್ಜಿಯ ಟೀ ಅಂಗಡಿ ಕತೆ: ಮೂರನೇ ಕರಡಿನ ಹೊತ್ತಿಗೆ

ಕತೆ ಈಗ 1,400 ಪದಕ್ಕೆ ಇಳಿದಿದೆ. ತಿಪಟೂರಿನ ಕಡೆಯ ಒಂದು ರಸ್ತೆಬದಿ, ಹುಣಸೇಮರದ ಕೆಳಗೆ ಹೊಸ ಟೀ ಗೂಡಂಗಡಿ. ಹೆಸರು ಏನಿಡಬೇಕು ಅಂತ ಅಜ್ಜಿಗೂ ಮೊಮ್ಮಕ್ಕಳಿಗೂ ಜಗಳ. ಮೊದಲ ಕರಡಿನಲ್ಲಿ ಮೊಮ್ಮಕ್ಕಳು ನಾಲ್ವರಿದ್ದರು. ಯಾರ ಮಾತು ಯಾರದೆಂದು ಪ್ರತಿ ಸಾಲಿಗೂ ಹೇಳಬೇಕಾಗುತ್ತಿತ್ತು, ಆದ್ದರಿಂದ ಒಬ್ಬನನ್ನು ತೆಗೆದು ಕಿರಣ, ಪಲ್ಲವಿ, ಚಿಂಟು ಮೂವರನ್ನೇ ಉಳಿಸಿಕೊಂಡದ್ದಾಯಿತು.

ಎರಡನೇ ಕರಡು ಕೆಟ್ಟಿದ್ದು ಟೀಯಿಂದ. ಅಜ್ಜಿ ಮೊದಲ ಸಾಲಿನಲ್ಲೇ ಪುಡಿ ಹಾಕುತ್ತಾಳೆ, ಜಗಳ ಮುಗಿದ ಮೇಲೆ ಸೋಸುತ್ತಾಳೆ. ಜೋರಾಗಿ ಓದಿ ಗಡಿಯಾರ ನೋಡಿದರೆ ನಡುವೆ ಹನ್ನೊಂದು ನಿಮಿಷ. ಪುಡಿ ಬಿದ್ದ ಮೇಲೆ ಮೂರು ನಾಲ್ಕು ನಿಮಿಷ ಕುದಿದರೆ ಸಾಕು. ಹನ್ನೊಂದು ನಿಮಿಷ ಕುದಿದದ್ದು ನಾಲಿಗೆ ಹಿಡಿಯುವಷ್ಟು ಒಗರಾಗುತ್ತದೆ. ಟೀ ಮಾಡಿ ಬದುಕುವ ಹೆಂಗಸು ಹಾಗೆ ಮಾಡಲಾರಳು. ಈಗ ಮೊದಲು ಒಂದು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿ ಒಲೆ ಮೇಲಿಡುತ್ತಾಳೆ, ಅದು ಕಾಯುವಷ್ಟು ಹೊತ್ತು ಮಕ್ಕಳು ಮಾತಾಡುತ್ತಾರೆ. ಕಿರಣ ತಾನು ಯೋಚಿಸಿದ ಅಂಗಡಿ ಹೆಸರು ಬಾಯಿಬಿಟ್ಟ ಕ್ಷಣಕ್ಕೆ ಪುಡಿ ಬೀಳುತ್ತದೆ. ಅಲ್ಲಿಂದ ಸೋಸುವವರೆಗೆ ಹದಿನಾಲ್ಕು ಸಾಲು ಮಾತಷ್ಟೇ. ಜಗಳಕ್ಕೆ ಬಿಗಿ ಬಂದದ್ದೂ ಇದರಿಂದಲೇ, ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಆ ಭಾಗ ಈಗ ಹೀಗಿದೆ:

"ಕಡಕ್ ಕಟ್ಟೆ ಅಂತ ಇಡಣ ಅಜ್ಜಿ. ಕೇಳಕ್ಕೇ ಒಂಥರಾ ಇರುತ್ತೆ."
"ಕಟ್ಟೆ ಮೇಲೆ ಕೂರೋರು ದುಡ್ಡು ಕೊಡ್ತಾರೇನ್ಲಾ? ಬೀಡಿ ಸೇದ್ಕಂಡು ಎದ್ದೋಯ್ತಾರೆ."
"ಮತ್ತೆ ನಿಂದೇನು?"
"ಶ್ರೀ ಚೌಡೇಶ್ವರಿ ಟೀ ಸ್ಟಾಲ್. ಇನ್ನೇನೈತೆ?"

ಕಟ್ಟೆಯ ಉತ್ತರ ಮೊದಲು ಪಲ್ಲವಿಯ ಬಾಯಲ್ಲಿತ್ತು. ಅಲ್ಲಿ ಬರೀ ಜಾಣತನ ಅನ್ನಿಸಿತ್ತು. ಬಾಕಿ ಲೆಕ್ಕ ಮನಸ್ಸಲ್ಲಿಟ್ಟುಕೊಂಡ ಅಜ್ಜಿ ಹೇಳಿದರೆ ಅದು ವ್ಯಾಪಾರದ ಮಾತು.

ಇನ್ನು ಮುಕ್ತಾಯ. ಮೊದಲೆರಡು ಕರಡುಗಳಲ್ಲೂ ಬೋರ್ಡಿನ ಮೇಲೆ "ಅಜ್ಜಿ ಟೀ" ಅಂತ ಬಂದು ಎಲ್ಲರ ಕಣ್ಣು ತುಂಬುತ್ತಿತ್ತು. ಓದಿದವರೆಲ್ಲ ಎರಡನೇ ಪುಟದಲ್ಲೇ ಊಹಿಸಿದ್ದರಿಂದ ಅದನ್ನು ಕಿತ್ತೆಸೆಯಲಾಯಿತು. ಜಗಳವನ್ನು ಪ್ರೀತಿ ತೀರ್ಮಾನಿಸುವುದು ಬೇಡ, ಬೋರ್ಡು ಬರೆಯುವವನ ಇಂಚುಪಟ್ಟಿ ತೀರ್ಮಾನಿಸಲಿ ಎಂಬುದು ಮೂರನೇ ಕರಡಿನ ದಾರಿ.

ಅದಕ್ಕಾಗಿ ಲೆಕ್ಕ ಹಾಕಬೇಕಾಯಿತು. ತಗಡು ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರ. ಕಿರಣನಿಗೆ ಇಂಗ್ಲಿಷೂ ಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಕನ್ನಡಕ್ಕೆ ಸಿಗುವ ಎತ್ತರ ಸುಮಾರು ಹತ್ತೂಮುಕ್ಕಾಲು ಇಂಚು, ಅಂಚು ಬಿಟ್ಟರೆ ಅಗಲ 44 ಇಂಚು. ಅಜ್ಜಿ ಹೇಳಿದ ಹೆಸರಿನಲ್ಲಿ ಎಂಟು ಅಕ್ಷರ, ಮೂರು ಬಿಡುವು, ಮೂರು ದೀರ್ಘದ ಬಾಲ. ಬಿಡುವಿಗೂ ಬಾಲಕ್ಕೂ ಅರ್ಧರ್ಧ ಅಕ್ಷರದ ಜಾಗ ಹಿಡಿದರೆ ಒಟ್ಟು ಹನ್ನೊಂದು, ಅಂದರೆ ಅಕ್ಷರಕ್ಕೆ ನಾಲ್ಕಿಂಚು. ಅಕ್ಷರದ ಎತ್ತರವೂ ಅಗಲದಷ್ಟೇ ಅಂದುಕೊಂಡರೆ, ಇಂಚಿಗೆ ಹತ್ತಡಿ ದೂರ ಎಂಬ ಸ್ಥೂಲ ಲೆಕ್ಕದಲ್ಲಿ ಸಲೀಸಾಗಿ ಓದಲಾಗುವುದು ನಲವತ್ತು ಅಡಿಯಿಂದ. ಕತೆಯ ರಸ್ತೆ ಐವತ್ತಡಿ. ಬಸ್ಸಿಳಿದವರು ನಿಲ್ಲುವುದು ಆಚೆ ಬದಿಯಲ್ಲಿ.

ಚಿಂಟುಗೆ ಇದೆಲ್ಲ ತಿಳಿಯದು. ಅಂಗಡಿ ಶುರುವಾದ ವಾರದಿಂದ ಲಾರಿಯವರು "ಹುಣಸೇಮರದ ಟೀ" ಅನ್ನುವುದನ್ನು ಕೇಳಿದ್ದಾನೆ, ಅದನ್ನೇ ಹೇಳುತ್ತಾನೆ. ಪೇಂಟರು ಸೀಮೆಸುಣ್ಣ ಹಚ್ಚಿದ ದಾರ ಮೀಟಿ ಗೆರೆ ಹಾಕಿ ಎಣಿಸುತ್ತಾನೆ: ಏಳಕ್ಷರ, ಒಂದು ಬಿಡುವು, ಎರಡು ಬಾಲ. ಅಕ್ಷರಕ್ಕೆ ಐದು ಇಂಚು ದಾಟುತ್ತದೆ. ಒಂದೂ ಒತ್ತಕ್ಷರವಿಲ್ಲ, ಗೆರೆಯ ಕೆಳಗೆ ಜಾಗ ಬಿಡಬೇಕಿಲ್ಲ. ಇಲ್ಲಿ ಒಂದು ತಪ್ಪು ನುಸುಳಿತ್ತು: "ಹುಣಸೆಮರ" ಎಂದು ಹ್ರಸ್ವ ಮಾಡಿದರೆ ಇನ್ನಷ್ಟು ಜಾಗ ಉಳಿಯುತ್ತದೆ ಅಂತ ಪೇಂಟರ್ ಹೇಳುವ ಸಾಲು. ನಿಜವೇ, ಆದರೆ ಲೆಕ್ಕ ಗೆಲ್ಲುವ ಹೊತ್ತಿನಲ್ಲಿ ಅದು ಎಡವುಗಲ್ಲು. ತೆಗೆಯಲಾಗಿದೆ.

ಅಜ್ಜಿ ಮಾತ್ರ ಶ್ರೀ ಇಲ್ಲದೆ ಒಪ್ಪುವವಳಲ್ಲ. ಸಾಲಿನಲ್ಲೇ ಸೇರಿಸಿದರೆ ಮತ್ತೆ ನಾಲ್ಕಿಂಚಿಗೆ ಇಳಿಯುತ್ತದೆ. ಈಗಿನ ಕೊನೆಯ ಸಾಲುಗಳು:

"ನಡೂಮಧ್ಯ, ಮೇಲ್ಗಡೆ, ಚಿಕ್ದಾಗಿ ಬರೀತೀನಿ ಅಜ್ಜಿ. ಅಗಲ ತಿನ್ನಲ್ಲ."
"ಎಷ್ಟು ಚಿಕ್ದು?"
ಅವನು ಎರಡು ಬೆರಳು ತೋರಿಸಿದ. ಅಜ್ಜಿ ಅವನ ಕೈಗೆ ಟೀ ಲೋಟ ಕೊಟ್ಟು, ಮೂರನೇ ಬೆರಳನ್ನೂ ಬಿಡಿಸಿದಳು.